ಹಾಡಿನ ಮೊದಲ ಸಾಲು

ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೆಂಡತಿ ತೀರಿಹೋದ ಮೇಲೆ ಅದನ್ನು ತೋರಿಸಲೂ ಮನೆಯಲ್ಲಿ ಯಾರೂ ಇರಲಿಲ್ಲ. ಹೊತ್ತು ಹೋಗಲೆಂದು ಒಂದು ಭಕ್ತಿಗೀತೆ ಚಾನೆಲ್ಲಿನ ಹನ್ನೆರಡು ವಿಡಿಯೊಗಳ ಶೀರ್ಷಿಕೆ, ವಿವರಣೆ, ಹ್ಯಾಶ್‌ಟ್ಯಾಗ್ ಎಲ್ಲವನ್ನೂ ಇಂಗ್ಲಿಷಿಗೆ ತಂದುಕೊಟ್ಟರು. ಬೆಳಗಿನ ಹಾಡೊಂದಕ್ಕೆ ‘ಸಾಂಗ್ ಆಫ್ ದಿ ಡಾನ್’ ಎಂದು ಹೆಸರಿಟ್ಟು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ವಾರವಾದರೂ ನೋಡಿದವರು ಏಳೇ ಜನ.

ಚಾನೆಲ್ ನಡೆಸುವಾಕೆ ಫೋನ್ ಮಾಡಿದಳು. “ಸರ್, ಇಂಗ್ಲಿಷ್ ಚೆನ್ನಾಗಿದೆ. ಆದ್ರೆ ಹಾಡು ಬೇಕಾದವ್ರು ಹೀಗೆ ಹುಡುಕಲ್ಲ. ಮೊದಲ ಸಾಲನ್ನೇ ಟೈಪ್ ಮಾಡ್ತಾರೆ. ಕೆಲವರು ಕನ್ನಡದಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ.”

ಮೇಷ್ಟ್ರು ಗೊಣಗುತ್ತಲೇ ತಿದ್ದಿದರು. ಶೀರ್ಷಿಕೆಯಲ್ಲಿ ಮೊದಲು ಕನ್ನಡದ ಸಾಲು, ಪಕ್ಕದಲ್ಲಿ ಅದೇ ಸಾಲು ಇಂಗ್ಲಿಷ್ ಅಕ್ಷರಗಳಲ್ಲಿ, ಕೊನೆಗೆ ಅದರ ಅರ್ಥ. ಹ್ಯಾಶ್‌ಟ್ಯಾಗನ್ನೂ ಎರಡು ಲಿಪಿಯಲ್ಲಿ, ಪದಗಳ ನಡುವೆ ಜಾಗ ಬಿಡದೆ ಕೂಡಿಸಿ ಬರೆದರು. ಜನ ನಿಧಾನವಾಗಿ ಬರತೊಡಗಿದರು. ಒಂದು ವಿಡಿಯೊದ ಕೆಳಗೆ ಯಾರೋ ಒಬ್ಬಳು ಬರೆದಿದ್ದಳು: “ಅಮ್ಮ ಹೇಳ್ತಿದ್ದ ಹಾಡು. ನಂಗೆ ಮೊದಲ ಸಾಲಷ್ಟೇ ಗೊತ್ತಿತ್ತು. ಕೊನೆಗೂ ಸಿಕ್ತು.”

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. ಅವರ ಹೆಂಡತಿಯೂ ಬಟ್ಟೆ ಮಡಚುವಾಗ ದಿನಾ ಒಂದೇ ಹಾಡು ಗುನುಗುತ್ತಿದ್ದಳು, ಮೂವತ್ತೆಂಟು ವರ್ಷ. “ಸ್ವಲ್ಪ ಸುಮ್ನಿರೇ, ಪೇಪರ್ ತಿದ್ತಾ ಇದೀನಿ” ಎಂದು ಇವರು ರೇಗಿದರೆ ಅವಳು ಮೊದಲ ಸಾಲಿಗೇ ನಿಲ್ಲಿಸಿಬಿಡುತ್ತಿದ್ದಳು.

ಈಗ ಅದನ್ನು ಹುಡುಕೋಣವೆಂದು ಮೇಷ್ಟ್ರು ಕೀಲಿಮಣೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. ಆ ಒಂದು ಸಾಲು ಕನ್ನಡದಲ್ಲೂ ಬರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೂ ಬರಲಿಲ್ಲ.