ಒಂದೂವರೆ ನೂಲು

ಆ ಹಾಳೆಗಳಲ್ಲಿ ಒಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮಡಿಸಿದರೆ ಒಳಗಿನ ಮಡಿಕೆ ಇವತ್ತಿಗೂ ಉಬ್ಬುತ್ತದೆ.

ಎರಡನೇ ಮಹಾಯುದ್ಧದ ಕಾಲ. ಕೋಲಾರದ ಒಂದು ಸಣ್ಣ ಅಚ್ಚುಕೂಟದಲ್ಲಿ ನಾನು ಕಂಪಾಸಿಟರ್. ಸೀಸದ ಅಕ್ಷರಮೊಳೆ ಜೋಡಿಸಿ ಪುಟ ಕಟ್ಟುವುದರಲ್ಲಿ ನನ್ನನ್ನು ಬಿಟ್ಟರೆ ಇಲ್ಲ ಅನ್ನುವ ಕೊಬ್ಬು ಬೇರೆ. ಹಾಳೆ ಮಡಿಸಿ ಹೊಲಿಯುವ ಬೈಂಡರು ಮುಳಬಾಗಿಲಿನ ಮುದುಕರು. ನಾವು ಚಾಚಾ ಅನ್ನುತ್ತಿದ್ದೆವು. ಅವರ ಕಣ್ಣು ಮಂಜಾಗುತ್ತಿತ್ತು. ಒಮ್ಮೆ ಪುಸ್ತಕವೊಂದರ ಹಾಳೆ ತಲೆಕೆಳಗಾಗಿ ಹೊಲಿದಾಗ ಯಜಮಾನರು ಎಲ್ಲರೆದುರಿಗೇ, "ಇನ್ನೊಂದ್ಸಲ ಹಿಂಗಾದ್ರೆ ಬರೋದೇ ಬೇಡ ಸಾಬ್ರೇ" ಅಂದಿದ್ದರು. ಚಾಚಾಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಅದು ನನಗೂ ಗೊತ್ತಿತ್ತು.

ಶ್ರೀನಿವಾಸಪುರದ ಮಾವಿನ ಸಸಿ ಮಾರುವವರೊಬ್ಬರು ಮೂರು ಮಡಿಕೆಯ ಕರಪತ್ರ ಬೇಕೆಂದು ಬಂದರು. ಕಾಗದ ಸಿಗುವುದೇ ಕಷ್ಟವಾಗಿದ್ದ ದಿನಗಳಲ್ಲಿ ಎಲ್ಲಿಂದಲೋ ದಪ್ಪನೆಯ ಹಾಳೆ ಅವರೇ ತಂದಿದ್ದರು. ಹನ್ನೆರಡಂಗುಲ ಅಗಲ. ಮೂರು ಸಮಪಾಲು ಮಾಡಿದರೆ ಕೆಟ್ಟಿತು: ಒಳಗೆ ಹೋಗುವ ಮಡಿಕೆಯ ಅಂಚು ಎದುರಿನ ಮಡಿಕೆಯ ಗೆರೆಗೆ ತಗುಲಿ ಉಬ್ಬುತ್ತದೆ. ಅಂಗುಲಕ್ಕೆ ಎಂಟು ನೂಲು. ಒಳಗಿನ ಮಡಿಕೆಯಿಂದ ಒಂದು ನೂಲು ಕಿತ್ತು ಉಳಿದೆರಡಕ್ಕೂ ಅರ್ಧರ್ಧ ನೂಲು ಹಂಚಬೇಕು. ಆಗ ಒಳಗಿನದು ಹೊರಗಿನವಕ್ಕಿಂತ ಒಂದೂವರೆ ನೂಲು ಚಿಕ್ಕದಾಗಿ ಸರಾಗವಾಗಿ ಕೂರುತ್ತದೆ. ಇದನ್ನು ಕಲಿಸಿದ್ದೇ ಚಾಚಾ. "ಮೊದ್ಲು ಒಂದು ಬಿಳೀ ಹಾಳೆ ಮಡ್ಸು ಬೇಟಾ, ಎರಡೂ ಕಡೆ ಪೆನ್ಸಿಲ್ನಲ್ಲಿ ಗುರುತು ಹಾಕು, ಆಮೇಲೆ ಮೊಳೆ ಮುಟ್ಟು" ಅನ್ನುತ್ತಿದ್ದರು.

ನಾನು ಮಡಿಸಲಿಲ್ಲ. ನನಗೇಕೆ ಬಿಳಿ ಹಾಳೆ!

ಒಳಮುಖದಲ್ಲಿ ಚಿಕ್ಕ ಮಡಿಕೆ ಬಲಕ್ಕೆ. ಸರಿಯಾಗಿಯೇ ಕಟ್ಟಿದೆ. ಹಾಳೆ ಮಗುಚಿದರೆ ಬಲ ಎಡವಾಗುತ್ತದೆ, ಹಾಗಾಗಿ ಹೊರಮುಖದಲ್ಲಿ ಅದು ಎಡಕ್ಕೆ ಬರಬೇಕು. ನಾನು ಅಲ್ಲೂ ಬಲಕ್ಕೇ ಇಟ್ಟೆ. ಒಳಗೆ ಹೋಗಬೇಕಾದ್ದು ದೊಡ್ಡದಾಯಿತು, ಮೇಲೆ ಮುಚ್ಚಬೇಕಾದ ಮುಖಪುಟ ಚಿಕ್ಕದಾಯಿತು. ಆ ಮುಖದ ಮಡಿಸುವ ಗುರುತನ್ನೂ ಅದೇ ಅಳತೆಗೆ ಹಾಕಿದೆ. ಸಾವಿರ ಹಾಳೆ ಎರಡೂ ಕಡೆ ಅಚ್ಚಾಗಿ ಹೋಯಿತು.

ಹೊರಮುಖ ಮೇಲೆ ಮಾಡಿ ಹಾಳೆಗಳು ಚಾಚಾ ಮುಂದೆ ಬಂದವು. ಯಜಮಾನರ ಅವಸರ. ಚಾಚಾ ನನ್ನ ಗುರುತು ಹಿಡಿದು ಎಲುಬಿನ ಪಟ್ಟಿಯಿಂದ ಒಂದೊಂದಕ್ಕೂ ಗೆರೆ ಎಳೆದು ಮುಗಿಸಿದರು. ಮರುದಿನ ಬೆಳಿಗ್ಗೆ ಸಸಿಯವರು ಬಂದು ಕೂತಾಗ ಚಾಚಾ ಮೊದಲ ಹಾಳೆ ಮಡಿಸಿದರು. ಉಬ್ಬಿತು. ಇನ್ನೊಂದು. ಅದೂ ಉಬ್ಬಿತು, ಮುಖಪುಟ ಅಂಚು ಮುಟ್ಟದೆ ಗಿಡ್ಡವಾಗಿ ನಿಂತಿತು. ಒಳಮುಖದ ಗುರುತಿಗೆ ಮಡಿಸೋಣವೆಂದರೆ ಹೊರಗಿನ ಹೆಸರಿನ ಅಕ್ಷರಗಳು ಗೆರೆಯ ಮೇಲೆ ಮುರಿಯುತ್ತಿದ್ದವು. ಅಂಚು ಕತ್ತರಿಸಿದರೆ ಹಿಂದಿನ ಸಾಲುಗಳೇ ಹೋಗುತ್ತಿದ್ದವು.

"ಇದೇನ್ರೀ ಇದು, ಹೊಟ್ಟೆ ಉಬ್ಬಿದ ಎಮ್ಮೆ ಥರ!" ಅಂದರು ಸಸಿಯವರು.

ಅಚ್ಚಿನ ಕೆಲಸದ ಗಂಧವೇ ಇಲ್ಲದ ಯಜಮಾನರು ಚಾಚಾ ಕಡೆ ತಿರುಗಿ, "ಕಣ್ಣು ಕಾಣ್ಸಲ್ಲ ಅಂತ ಬಾಯ್ಬಿಟ್ಟು ಹೇಳೋಕೇನ್ರೀ ನಿಮಗೆ? ಸಾವಿರ ಹಾಳೆ ಹಾಳ್ ಮಾಡಿದ್ರಲ್ಲ!" ಎಂದು ಕೂಗಾಡಿದರು.

ಚಾಚಾ ಒಂದು ಹಾಳೆಯನ್ನು ಎತ್ತಿ ಹೆಬ್ಬೆರಳಿನಿಂದ ಮಡಿಕೆಗಳ ಅಗಲ ಸವರಿದರು. ಮಗುಚಿ, ಒತ್ತಿದ ಅಕ್ಷರಗಳ ತಗ್ಗು ಹುಡುಕುತ್ತಾ ಮತ್ತೆ ಸವರಿದರು. ಆಮೇಲೆ ನನ್ನ ಕಡೆ ನೋಡಿದರು.

ನನಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ತಪ್ಪು ನನ್ನದು ಅನ್ನಬೇಕಿತ್ತು. ಮನೆಯಲ್ಲಿ ಬಸುರಿ ಹೆಂಡತಿ, ನನ್ನನ್ನೇ ಓಡಿಸಿದರೆ ಅನ್ನುವ ಭಯ. ಥೂ, ನನ್ನ ಜನ್ಮಕ್ಕಿಷ್ಟು. ತಲೆ ಬಗ್ಗಿಸಿ ಮೊಳೆಗಳನ್ನು ಅಕ್ಷರದ ಪೆಟ್ಟಿಗೆಯ ಆಯಾ ಮನೆಗೆ ಹಾಕುತ್ತಾ ನಿಂತೆ. ಚಾಚಾ ಎಲುಬಿನ ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದರು. ಮತ್ತೆ ಅಚ್ಚುಕೂಟಕ್ಕೆ ಬರಲಿಲ್ಲ.

ಮೂರು ತಿಂಗಳು ತಡೆದೆ. ಕೊನೆಗೊಂದು ಭಾನುವಾರ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಮುಳಬಾಗಿಲಿಗೆ ಹೋದೆ. ಚಾಚಾ ಗೋಡೆಗೊರಗಿ ಕೂತಿದ್ದರು. ನನ್ನ ದನಿಯಿಂದಲೇ ಗುರುತು ಹಿಡಿದರು.

"ಚಾಚಾ, ಆವತ್ತಿನ ತಪ್ಪು ನಂದು. ಹೊರಮುಖಾನ ನಾನೇ ತಿರುವುಮುರುವು ಕಟ್ಟಿದ್ದೆ."

"ಗೊತ್ತು ಬೇಟಾ. ಕೈಗೆ ಸಿಕ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ಕಣ್ಣಿಲ್ದೋನ ಮಾತು ಯಾರು ನಂಬ್ತಾರೆ?" ಅಂದರು. ಕೋಪವೇನೂ ಇಲ್ಲದೆ, "ನೀನು ಹೇಳ್ತೀಯಾ ಅಂತ ನಿಂತಿದ್ದೆ. ಚಪ್ಲಿ ಹಾಕೋವಾಗ್ಲೂ ನಾನು ಬೇಕಂತ್ಲೇ ತಡ ಮಾಡ್ದೆ" ಅಂದರು.

ಆಮೇಲೆ ಗೋಡೆ ಹಿಡಿದು ಒಳಗೆ ಹೋಗಿ, ತಡವುತ್ತಾ, ನನಗೆ ಚಹಾ ತಂದುಕೊಟ್ಟರು.