ತಾಮ್ರದ ಬಣ್ಣದ ಉಕ್ಕು

ಗುಬ್ಬಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿರುವ ತಾಜುನ್ನೀಸಾಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪನ ಜೊತೆ ಕೂತು ಗ್ಯಾಸ್ ಟಾರ್ಚ್ ಹಿಡಿಯುವುದನ್ನು ಕಲಿತವಳು. ಅಪ್ಪ ಹೋದ ಮೇಲೆ ಅಂಗಡಿ ಮುಚ್ಚಿಬಿಡು ಅಂದವರಿಗೆಲ್ಲ ಬಾಗಿಲು ತೋರಿಸಿದ್ದಳು. ತಮ್ಮ ಉಮೇರ್ ಜೊತೆಗಿದ್ದ. ಮದುವೆಯಾಗಿ ಮಗುವಿದ್ದರೂ ಅವನ ಕೆಲಸದಲ್ಲಿ ಅವಸರ ಹೋಗಿರಲಿಲ್ಲ.

ಆ ಬೆಳಿಗ್ಗೆ ಸಿ.ಎಸ್. ಪುರದ ಕಡೆಯ ಹಳ್ಳಿಯೊಂದರ ಹಾಲಿನ ಡೈರಿಯಿಂದ ಫೋನ್ ಬಂತು. ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕ್ ಕೆಟ್ಟು, ಮುನ್ನಾದಿನ ಸಂಜೆ ಹಾಕಿದ ಹಾಲೆಲ್ಲ ಒಡೆದುಹೋಗಿತ್ತು. ಹಿಂದಿನ ವಾರವಷ್ಟೇ ಅದರ ಕಂಪ್ರೆಸರ್ ಬದಲಿಸಿದ್ದು ಇವಳ ಅಂಗಡಿಯವರೇ.

ಇಬ್ಬರೂ ಹೋಗುವ ಹೊತ್ತಿಗೆ ಡೈರಿ ಮುಂದೆ ಜನ ಸೇರಿದ್ದರು. ಕಾರ್ಯದರ್ಶಿ ಅನಂತರಾಜು ಎಲ್ಲರಿಗೂ ಕೇಳುವ ಹಾಗೆ ಅಂದ, “ಹೆಂಗಸ್ರ ಕೈಗೆ ಬೆಂಕಿ ಕೊಟ್ರೆ ಇಂಗೇ ಆಗೋದು. ಒಲೆ ಮುಂದೆ ಇರೋದು ಬಿಟ್ಟು…”

“ಬಾಯಿ ಬಿಗಿ ಹಿಡೀರಿ ಸಾರ್,” ಅಂದಳು ತಾಜುನ್ನೀಸಾ. “ಮೊದ್ಲು ಎಲ್ಲಿ ಕೆಟ್ಟದೆ ನೋಡ್ತೀನಿ. ಆಮೇಲೆ ಎಷ್ಟು ಬೇಕೋ ಅಷ್ಟು ಬಯ್ರಿ.”

ಮೆಷೀನಿನೊಳಗೆ ಗ್ಯಾಸೇ ಇರಲಿಲ್ಲ. ಎಲ್ಲಿ ಸೋರಿದೆ ನೋಡಲು ನೈಟ್ರೋಜನ್ ತುಂಬಿ ಸೋಪು ನೀರು ಹಚ್ಚಿದಳು. ಕಂಪ್ರೆಸರಿನ ಪೈಪಿಗೆ ತಾಮ್ರದ ಪೈಪು ಸೇರುವ ಬೆಸುಗೆಯಲ್ಲಿ ಗುಳ್ಳೆ ಎದ್ದಿತು. ನೈಟ್ರೋಜನ್ ಹೊರಗೆ ಬಿಟ್ಟು, ಪೈಪು ಹಿಡಿದು ಸ್ವಲ್ಪ ಅಲುಗಿಸಿದಳು. ಬೆಸುಗೆ ಒಣಗಿದ ಬಿಸ್ಕತ್ತಿನಂತೆ ಚಟ್ಟನೆ ಬಿಟ್ಟುಕೊಂಡಿತು. ಕಂಪ್ರೆಸರಿನ ಪೈಪಿನ ಮೇಲೆ ಅರ ಆಡಿಸಿದಾಗ ತಾಮ್ರದ ಬಣ್ಣ ಹೋಗಿ ಕೆಳಗೆ ಬೆಳ್ಳಗೆ ಉಕ್ಕು ಕಂಡಿತು.

ಅವಳು ಉಮೇರ್ ಕಡೆ ತಿರುಗಿದಳು. ಕಂಪ್ರೆಸರ್ ಬದಲಿಸಿದ ದಿನ ಅವಳು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದಳು. ಬೆಸುಗೆ ಹಾಕಿದವನು ಇವನು.

“ಬೆಸುಗೆಗೆ ಯಾವ ರಾಡು ಹಾಕ್ದೆ?”

“ತಾಮ್ರದ ರಾಡು ಆಪಾ. ಎರಡೂ ಕಡೆ ತಾಮ್ರನೇ ಅಲ್ವಾ?”

“ಮೇಲೆ ಬಳಿದಿರೋದು ತಾಮ್ರ ಕಣೋ, ಒಳಗೆ ಉಕ್ಕು! ಆ ರಾಡಲ್ಲಿ ರಂಜಕ ಇರ್ತದೆ. ತಾಮ್ರಕ್ಕೆ ತಾಮ್ರ ಸೇರ್ಸೋಕೆ ಅದೇ ಸರಿ, ಬೆಸುಗೆ ಹಿಡಿಯೋಕೆ ಹಚ್ಚೋ ಫ್ಲಕ್ಸೂ ಬೇಡ. ಉಕ್ಕಿಗೆ ಹಾಕಿದ್ರೆ ಬೆಸುಗೆ ಪೆಡಸಾಗ್ತದೆ, ಮೆಷೀನು ನಡುಗ್ತಿದ್ದಂಗೆ ಸೀಳ್ತದೆ. ಬ್ಯಾಗಿಗೆ ಬೆಳ್ಳಿ ರಾಡು, ಫ್ಲಕ್ಸು ಎರಡೂ ಹಾಕಿ ಕಳ್ಸಿದ್ನಲ್ಲ?”

ಉಮೇರ್ ದನಿ ತಗ್ಗಿಸಿದ. “ದುಬಾರಿ ರಾಡು, ಉಳಿಸೋಣ ಅಂತ… ಆಪಾ, ಮೆಷೀನಿನ ಬೋಲ್ಟ್ ಸಡಿಲ ಇತ್ತು ಅಂತ ಹೇಳ್ಬುಡು. ಯಾರಿಗೆ ಗೊತ್ತಾಗ್ತದೆ?”

ತಾಜುನ್ನೀಸಾಗೆ ಅನಂತರಾಜುವಿನ ಮಾತಿಗಿಂತ ಇದಕ್ಕೇ ಹೆಚ್ಚು ಮೈ ಉರಿಯಿತು. ಖಾಲಿ ಕ್ಯಾನು ಹಿಡಿದು ನಿಂತಿದ್ದ ವನಜಮ್ಮನ ಮುಂದೆ ಹೋದಳು. ಎರಡು ಹಸು ಕಟ್ಟಿಕೊಂಡು ಬದುಕುವ ಹೆಂಗಸು ಅವಳು.

“ಅಕ್ಕಾ, ತಪ್ಪು ನಮ್ ಅಂಗಡೀದು. ರಾಡು ತಪ್ಪು ಹಾಕವ್ರೆ. ಹಾಲಿನ ನಷ್ಟ ನಾವೇ ಕಟ್ಕೊಡ್ತೀವಿ.”

“ನೀನು ಹಾಕಿದ್ದೇನಮ್ಮ?”

“ಯಾರು ಹಾಕಿದ್ರೂ ಅಂಗಡಿ ನಂದೇ.”

“ನಾನ್ ಹೇಳ್ಲಿಲ್ವಾ?” ಅಂದ ಅನಂತರಾಜು.

“ನೀವು ಹೇಳಿದ್ದು ಹೆಂಗಸ್ರ ಕೈ ಅಂತ. ಕೆಟ್ಟಿರೋದು ರಾಡಿಂದ. ಎರಡೂ ಒಂದೇ ಅಲ್ಲ ಸಾರ್!”

ಅವನು ಬಾಯಿ ಮುಚ್ಚಲಿಲ್ಲ. ಅವಳು ಕಿವಿಗೆ ಹಾಕಿಕೊಳ್ಳಲೂ ಇಲ್ಲ. ಹಳೆ ಬೆಸುಗೆ ಇದ್ದಷ್ಟು ಭಾಗವನ್ನು ಎರಡೂ ಕಡೆ ಕತ್ತರಿಸಿ, ಪೈಪುಗಳನ್ನು ಹೊಳೆಯುವವರೆಗೆ ಉಜ್ಜಿದಳು. ತಾಮ್ರದ ಹೊಸ ತುಂಡು ಸೇರಿಸಿ ಫ್ಲಕ್ಸ್ ಹಚ್ಚಿ, ಒಳಗೆ ಕಪ್ಪು ಕಟ್ಟದ ಹಾಗೆ ನೈಟ್ರೋಜನ್ ಸಣ್ಣಗೆ ಹರಿಯಬಿಟ್ಟು ಟಾರ್ಚ್ ಹೊತ್ತಿಸಿದಳು. ಕೋಪ ಇನ್ನೂ ಇಳಿದಿರಲಿಲ್ಲ. ಆರಿಸಿ, ಮುಖ ತೊಳೆದು ಬಂದು ಮತ್ತೆ ಹೊತ್ತಿಸಿದಳು. ಎರಡೂ ಪೈಪು ಸಮನಾಗಿ ಕಾದು, ಫ್ಲಕ್ಸ್ ಕರಗಿ ನೀರಿನಂತೆ ತಿಳಿಯಾದ ಮೇಲೆ ಬೆಳ್ಳಿ ರಾಡು ಮುಟ್ಟಿಸಿದಳು. ರಾಡು ಉರಿಗೆ ಕರಗಲಿಲ್ಲ, ಪೈಪಿನ ಕಾವಿಗೇ ಕರಗಿ ಸಂದಿಯೊಳಗೆ ಸರಸರನೆ ಇಳಿಯಿತು.

ತಣ್ಣಗಾದ ಮೇಲೆ ಫ್ಲಕ್ಸ್ ತೊಳೆದು, ಒತ್ತಡ ತುಂಬಿ ನೋಡಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ಹೊಸ ಗ್ಯಾಸ್ ತುಂಬಿದಳು. ಸಂಜೆಯ ಹಾಲಿಗೆ ಟ್ಯಾಂಕ್ ತಣ್ಣಗಿತ್ತು.

ಆದರೂ ಅನಂತರಾಜು ಮುಂದಿನ ಕೆಲಸವನ್ನೆಲ್ಲ ಕುಣಿಗಲ್‌ನ ಬೇರೆ ಮೆಕ್ಯಾನಿಕ್‌ಗೆ ಕೊಟ್ಟ.

ಮಾರನೇ ದಿನ ಅಂಗಡಿಯಲ್ಲಿ ಉಮೇರ್ ಮುಂದೆ ಉಕ್ಕಿನದು ಎರಡು ತುಂಡು, ತಾಮ್ರದ್ದು ಎರಡು ತುಂಡು, ಎರಡು ಬಗೆಯ ರಾಡು, ಸುತ್ತಿಗೆ ಇಟ್ಟಳು. “ಎರಡು ರಾಡಲ್ಲೂ ಒಂದೊಂದು ಬೆಸುಗೆ ಹಾಕು. ನೀನೇ ಹೊಡೆದು ನೋಡು.” ತಾಮ್ರದ ರಾಡಿನ ಬೆಸುಗೆ ಒಂದೇ ಏಟಿಗೆ ಬಿಟ್ಟಿತು. ಬೆಳ್ಳಿ ರಾಡಿನದು ಏಟಿಗೆ ಬಾಗಿತು, ಬಿಡಲಿಲ್ಲ. ಉಮೇರ್ ಅದನ್ನೇ ಕೈಯಲ್ಲಿ ತಿರುಗಿಸಿ ನೋಡುತ್ತಾ, “ತಪ್ಪಾಯ್ತು ಆಪಾ,” ಅಂದ.

“ರಾಡಿಗೆ ಕ್ಷಮಿಸ್ತೀನಿ,” ಅಂದಳು. “ಬೋಲ್ಟ್ ಸಡಿಲ ಅಂದ್ಯಲ್ಲ, ಅದಕ್ಕೆ ಈಗ್ಲೇ ಆಗಲ್ಲ.”