ಬಂದದ್ದೋ, ಹೋಗದಿದ್ದದ್ದೋ

ಸಾಕ್ಷಿಗಳ ಕುರಿತಾದ ಒಂದು ಹಳೆಯ ಸಂಸ್ಕೃತ ವ್ಯಾಖ್ಯಾನವನ್ನು ನನ್ನ ಸಂಶೋಧನೆಗಾಗಿ ಮೂಲದಲ್ಲೇ ಓದಬೇಕಿತ್ತು. ಅದಕ್ಕೆ ವಾರಕ್ಕೆರಡು ಸಲ ನಮ್ಮೂರು ಮೋಕದಿಂದ ಬಸ್ಸು ಹಿಡಿದು ಪಟ್ಟಣದ ಸತ್ಯನಾರಾಯಣಪೇಟೆಯಲ್ಲಿದ್ದ ನಿವೃತ್ತ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಮೊದಲು ಸಂಧಿ ಬಿಡಿಸಬೇಕು, ಆಮೇಲೆ ವಿಭಕ್ತಿ ಗುರುತಿಸಿ, ನಿಘಂಟು ನೋಡಿ, ಕನ್ನಡದಲ್ಲಿ ಬರೆಯಬೇಕು. ಅವರಿಗೆ ಕಣ್ಣು ಮಂದವಾಗಿತ್ತು. ನಾನು ಬರೆದದ್ದನ್ನು ಅವರ ಹಳೆಯ ನೋಟ್‌ಬುಕ್ಕಿನ ಅನುವಾದದ ಜೊತೆ ನಾನೇ ಓದಿ ಹೋಲಿಸುತ್ತಿದ್ದೆ.

ಒಂದು ಮಧ್ಯಾಹ್ನ ‘ತಸ್ಯಾಗಮನಮ್’ ಎಂಬ ಮಾತು ಬಂತು. ನೋಟ್‌ಬುಕ್ಕಿನಲ್ಲಿ ಆ ಇಡೀ ಸಾಲಿಗೆ ‘ಅವನು ಬಂದದ್ದು ತಪ್ಪಲ್ಲ’ ಎಂದಿತ್ತು. ಆದರೆ ಮುಂದಿನ ಪದ, ಸಾಕ್ಷಿ ರೋಗಿಯಾಗಿದ್ದನೆಂದು ಕಾರಣ ಕೊಡುತ್ತಿತ್ತು. ರೋಗಿ ನ್ಯಾಯಸಭೆಗೆ ಬಂದರೆ ಅದಕ್ಕೇಕೆ ಸಮಜಾಯಿಷಿ? ‘ತಸ್ಯ’ದ ಮುಂದೆ ಬರುವುದೆಂಬ ‘ಆಗಮನಮ್’ ಬಂದರೂ ಹೋಗದಿರುವುದೆಂಬ ‘ಅಗಮನಮ್’ ಬಂದರೂ ಸಂಧಿಯಲ್ಲಿ ಒಂದೇ ರೂಪ. ಮೇಷ್ಟ್ರ ತಪ್ಪನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ನಿಘಂಟಿನ ಹಾಳೆ ತಿರುವತೊಡಗಿದೆ.

“ಯಾಕವ್ವ, ಓದೂದು ನಿಲ್ಸಿದಿ?”

“ಸರ್, ಇದು ಬಂದದ್ದಲ್ಲ, ಹೋಗದಿದ್ದದ್ದು ಅನ್ಸ್ತೈತ್ರಿ.”

ಅವರು ಆ ಸಾಲನ್ನು ಮೂರು ಸಲ ಓದಿಸಿದರು. ಆಮೇಲೆ ನಕ್ಕರು. “ಇಷ್ಟ್ ವರ್ಷ ಆ ರೋಗಿಷ್ಟನ್ನ ಸುಮ್‌ಸುಮ್ನ ನ್ಯಾಯಸಭೆಗೆ ನಡಸ್ಕೊಂಡು ಹೋಗೀನಿ ನೋಡವ್ವ!”

ನೋಟ್‌ಬುಕ್ಕನ್ನು ತಡವಿ ನನ್ನ ಕಡೆಗೆ ಸರಿಸಿದರು. “ಹೊಡದು ಹಾಕು. ನಿನ್ನ ಅಕ್ಷರದಾಗ ಬರಿ.”

ಹಳೆಯ ಸಾಲನ್ನು ಹೊಡೆದು ‘ಅವನು ಹೋಗದಿದ್ದದ್ದು ತಪ್ಪಲ್ಲ’ ಎಂದು ಬರೆದೆ. ಬರೆದು ಮುಗಿಸುವವರೆಗೂ ಅವರು ಪುಟದ ಅಂಚನ್ನು ಹಿಡಿದುಕೊಂಡೇ ಇದ್ದರು.